‘ವೇದದಲ್ಲೇ ಹೇಳಿದೆ’ ಅಂದ್ರೆ, ಯಾವ ವೇದದಲ್ಲಿ ಸ್ವಾಮಿ?

ಧರ್ಮದ ವಿಷಯ ಇಟ್ಟುಕೊಂಡು ಚರ್ಚೆ ನಡೆಸಿದಾಗಲೆಲ್ಲ ಒಂದು ಮಾತು ಬಂದೇ ಬರುತ್ತೆ. ‘ಇದು ವೇದದಲ್ಲೇ ಇದೆ’ ಅಂತ ಒಬ್ಬರು ಮೇಜು ಕುಟ್ಟುತ್ತಾರೆ. ‘ಅದಕ್ಕೇ ನಿಮ್ಮ ವೇದ ಸುಡಬೇಕು’ ಅಂತ ಎದುರಿನವರು ಎದ್ದು ನಿಲ್ಲುತ್ತಾರೆ. ನಾನು ಮಧ್ಯೆ ಕೈ ಹಾಕಿ ‘ಯಾವ ವೇದ, ಎಲ್ಲಿ?’ ಅಂತ ಕೇಳಿದರೆ ಬಹಳ ಸಲ ಸಿಗುವ ಉತ್ತರ ಯಾವುದೋ ಪುರಾಣದ ಕಥೆ, ಇಲ್ಲವೇ ಮನುಸ್ಮೃತಿಯ ಶ್ಲೋಕ. ಅಂದರೆ ಜಗಳ ಆಡುವ ಇಬ್ಬರೂ ತೆರೆದಿರುವ ಪುಸ್ತಕವೇ ಬೇರೆ.

ನಮ್ಮ ಪರಂಪರೆಯಲ್ಲಿ ಎಲ್ಲ ಗ್ರಂಥಕ್ಕೂ ಒಂದೇ ತೂಕ ಇಲ್ಲ. ಹಳಬರು ಇದನ್ನು ಎರಡು ಕಪಾಟು ಮಾಡಿ ಇಟ್ಟಿದ್ದಾರೆ. ಒಂದು ಶ್ರುತಿ, ಅಂದರೆ ಕೇಳಿದ್ದು. ನಾಲ್ಕು ವೇದಗಳ ಸಂಹಿತೆ, ಬ್ರಾಹ್ಮಣ, ಆರಣ್ಯಕ, ಉಪನಿಷತ್ತು ಇಷ್ಟೂ ಈ ಕಪಾಟಿಗೆ ಸೇರುತ್ತವೆ. ಇನ್ನೊಂದು ಸ್ಮೃತಿ, ಅಂದರೆ ನೆನಪಿಟ್ಟುಕೊಂಡು ಹೇಳಿದ್ದು. ರಾಮಾಯಣ, ಮಹಾಭಾರತ, ಹದಿನೆಂಟು ಪುರಾಣ, ಮನು-ಯಾಜ್ಞವಲ್ಕ್ಯರ ಧರ್ಮಶಾಸ್ತ್ರ ಎಲ್ಲ ಇಲ್ಲಿ. ಸ್ಮೃತಿಗೆ ಹೇಳಿದವರ ಹೆಸರಿದೆ: ವಾಲ್ಮೀಕಿ, ವ್ಯಾಸ, ಮನು. ಶ್ರುತಿಗೆ ಬರೆದವರೇ ಇಲ್ಲ, ಅದು ಅಪೌರುಷೇಯ ಅನ್ನುವುದು ಮೀಮಾಂಸಕರ ನಿಲುವು. ಋಷಿಗಳು ಮಂತ್ರವನ್ನು ಕಂಡವರು, ಕಟ್ಟಿದವರಲ್ಲ ಅನ್ನುತ್ತಾರೆ ಅವರು. ಈ ಮಾತನ್ನು ನೀವು ನಂಬಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ವೇದಕ್ಕೆ ಮೇಲಿನ ಸ್ಥಾನ ಸಿಕ್ಕಿದ್ದು ಈ ನಂಬಿಕೆಯ ಮೇಲೆ.

ಒಳಗಿರುವ ಸರಕು ಎಷ್ಟು ಬೇರೆ ಅಂತ ನೋಡೋಕೆ ನಮ್ಮ ಬಲಿಪಾಡ್ಯಮಿಯನ್ನೇ ತಗೊಳ್ಳಿ. ಋಗ್ವೇದದಲ್ಲಿ ವಿಷ್ಣು ಮೂರು ಹೆಜ್ಜೆ ಇಟ್ಟು ಲೋಕಗಳನ್ನು ಅಳೆಯುತ್ತಾನೆ. ಅಲ್ಲಿ ಕುಳ್ಳ ಬ್ರಹ್ಮಚಾರಿ ಇಲ್ಲ, ಬಲಿ ಚಕ್ರವರ್ತಿಯೂ ಇಲ್ಲ. ಶತಪಥ ಬ್ರಾಹ್ಮಣಕ್ಕೆ ಬಂದರೆ ವಿಷ್ಣು ವಾಮನನಾಗುತ್ತಾನೆ. ದೇವತೆಗಳು ಅವನನ್ನು ಮುಂದಿಟ್ಟುಕೊಂಡು ಅಸುರರಿಂದ ಭೂಮಿ ಗೆಲ್ಲುತ್ತಾರೆ. ಅಲ್ಲೂ ಬಲಿ ಇಲ್ಲ. ಕೊಡೆ ಹಿಡಿದು ಬರುವ ವಾಮನ, ದಾನ ಕೊಡಬೇಡ ಅನ್ನುವ ಶುಕ್ರಾಚಾರ್ಯ, ತಲೆ ಬಾಗಿಸುವ ಬಲಿ, ಇವರೆಲ್ಲ ನಮಗೆ ಸಿಕ್ಕಿದ್ದು ಇತಿಹಾಸ-ಪುರಾಣಗಳಿಂದ. ವೇದದಲ್ಲಿ ಬೀಜ ಇತ್ತು, ನಾವು ಹಬ್ಬ ಮಾಡುತ್ತಿರುವುದು ಮರಕ್ಕೆ. ತಪ್ಪೇನಿಲ್ಲ. ಆದರೆ ಮರದ ಪ್ರತಿ ಕೊಂಬೆಯನ್ನೂ ‘ವೇದದಲ್ಲಿದೆ’ ಅನ್ನೋಕೆ ಆಗಲ್ಲ.

ಈಗ ಅಸಲಿ ಪ್ರಶ್ನೆ. ಎರಡು ಕಪಾಟಿನ ಮಾತು ಒಂದಕ್ಕೊಂದು ಹೊಡೆದಾಡಿದರೆ ಯಾವುದನ್ನು ಹಿಡಿಯಬೇಕು? ಇದಕ್ಕೆ ಜೈಮಿನಿಯ ಮೀಮಾಂಸಾ ಸೂತ್ರದಲ್ಲಿ ಸ್ಪಷ್ಟ ಉತ್ತರ ಇದೆ. ಸ್ಮೃತಿಯ ಮಾತಿಗೆ ವೇದದಲ್ಲಿ ವಿರೋಧ ಇಲ್ಲದಿದ್ದರೆ ಒಪ್ಪಿಕೊಳ್ಳಿ. ಅದರ ಮೂಲ ಎಲ್ಲೋ ವೇದದಲ್ಲಿ ಇದ್ದಿರಬೇಕು ಅಂತ ಊಹಿಸಬಹುದು. ವಿರೋಧ ಇದ್ದರೆ ಸ್ಮೃತಿಯನ್ನು ಪಕ್ಕಕ್ಕಿಡಿ. ಇದರ ಜೊತೆಗೆ ಮೂರನೇ ಮಾತೊಂದಿದೆ. ಆ ಸ್ಮೃತಿ ಹುಟ್ಟೋಕೆ ಕಣ್ಣಿಗೆ ಕಾಣುವ ಬೇರೆ ಕಾರಣ ಇದ್ದರೆ, ಆಗಲೂ ಅದಕ್ಕೆ ಪ್ರಾಮಾಣ್ಯ ಇಲ್ಲ.

ಭಾಷ್ಯ ಬರೆದ ಶಬರಸ್ವಾಮಿ ಕೊಡುವ ಉದಾಹರಣೆ ಕೇಳಿದರೆ ನಿಮಗೆ ನಗು ಬರುತ್ತೆ. ಸೋಮಯಾಗದ ಮಂಟಪದಲ್ಲಿ ಅತ್ತಿ ಮರದ ಒಂದು ಕಂಬ ನೆಡುತ್ತಾರೆ. ಅದನ್ನು ಮುಟ್ಟಿಕೊಂಡು ಸಾಮಗಾನ ಮಾಡಬೇಕು ಅನ್ನುತ್ತೆ ಶ್ರುತಿ. ಕಂಬವನ್ನು ಪೂರ್ತಿ ಬಟ್ಟೆಯಿಂದ ಸುತ್ತಬೇಕು ಅನ್ನುತ್ತೆ ಒಂದು ಸ್ಮೃತಿ. ಪೂರ್ತಿ ಸುತ್ತಿದ ಮೇಲೆ ಕಂಬ ಮುಟ್ಟೋದು ಹೇಗೆ? ಹಾಗಾಗಿ ಬಟ್ಟೆಯ ಮಾತು ಬಿದ್ದುಹೋಯಿತು. ಶಬರಸ್ವಾಮಿ ಅಲ್ಲಿಗೇ ಬಿಡಲಿಲ್ಲ. ಬಟ್ಟೆಗೆ ಆಸೆಪಟ್ಟ ಯಾರೋ ಕಂಬ ಪೂರ್ತಿ ಸುತ್ತಿಸಿರಬೇಕು, ಅದೇ ಈ ಸ್ಮೃತಿಯ ಮೂಲ ಅಂತ ಬರೆದರು! ಸ್ಮೃತಿಗಳ ಮೇಲೆ ಇಷ್ಟು ಸಲೀಸಾಗಿ ಅನುಮಾನ ಪಡಬಾರದು ಅಂತ ಮುಂದೆ ಕುಮಾರಿಲ ಭಟ್ಟ ತಕರಾರು ತೆಗೆದದ್ದೂ ಉಂಟು. ಆದರೆ ಗಮನಿಸಿ, ‘ಈ ನಿಯಮದಿಂದ ಯಾರಿಗೆ ಲಾಭ?’ ಅನ್ನುವ ಪ್ರಶ್ನೆ ಹೊರಗಿನವರು ಬಂದು ಕೇಳಿದ್ದಲ್ಲ. ವೇದವನ್ನು ತಲೆ ಮೇಲೆ ಹೊತ್ತವರೇ ಕೇಳಿದ್ದು.

ಕಂಬದ ಬಟ್ಟೆ ಹೋದರೆ ಹೋಗಲಿ. ಆದರೆ ಇದೇ ಪ್ರಶ್ನೆ ಹೆಣ್ಣಿನ ಪ್ರಾಣದ ಮೇಲೆ ಬಂದರೆ? ನಮ್ಮ ಊರುಗಳ ಅಂಚಿನಲ್ಲಿ ಮಾಸ್ತಿಕಲ್ಲು ನೋಡಿದ್ದೀರಲ್ಲ, ಬಳೆ ತೊಟ್ಟ ಕೈ ಮೇಲೆತ್ತಿರುವ ಕೆತ್ತನೆ. ಗಂಡನ ಚಿತೆ ಏರಿದವಳ ಗುರುತು ಅದು. ಈ ಪದ್ಧತಿಗೆ ಆಧಾರ ಎಲ್ಲಿದೆ ಅನ್ನುವ ಜಗಳ ಜೋರಾಗಿ ನಡೆದದ್ದು ಬಂಗಾಳದಲ್ಲಿ. 1818ರಲ್ಲಿ ರಾಜಾರಾಮ ಮೋಹನ ರಾಯರು ಸತಿಯ ಪರ ಇರುವವನು, ವಿರೋಧಿ, ಇಬ್ಬರ ಸಂವಾದದ ರೂಪದಲ್ಲಿ ಒಂದು ಪುಸ್ತಿಕೆ ಬರೆದರು. ಅಂಗಿರಸ್ಸಿನಂಥ ಸ್ಮೃತಿಗಳು ಸಹಗಮನವನ್ನು ಹೊಗಳುತ್ತವೆ, ಅದು ನಿಜ. ಆದರೆ ಮನು ವಿಧವೆಗೆ ಹೇಳಿರುವುದು ಬದುಕಿದ್ದು ನಿಯಮದಿಂದ ಇರು ಅಂತ. ಸ್ವರ್ಗದ ಆಸೆಗೆ ಮಾಡುವ ಕರ್ಮ ಕೀಳು ಅನ್ನುತ್ತವೆ ಉಪನಿಷತ್ತುಗಳು. ಮೇಲಿನ ಪ್ರಮಾಣ ಹೀಗಿರುವಾಗ ಕೆಳಗಿನದ್ದನ್ನು ಹಿಡಿಯೋದು ಯಾವ ನ್ಯಾಯ? ಇದು ರಾಯರ ವಾದ. ಕಂಬಕ್ಕೆ ಹಚ್ಚಿದ ಅದೇ ತಕ್ಕಡಿ.

ಎದುರಿನವರಿಗೂ ತಕ್ಕಡಿಯ ಲೆಕ್ಕ ಗೊತ್ತಿತ್ತು. ಅವರು ನೇರ ಋಗ್ವೇದದ ಮಂತ್ರವನ್ನೇ ತಂದರು. ಹತ್ತನೇ ಮಂಡಲದ ಹದಿನೆಂಟನೇ ಸೂಕ್ತ, ಏಳನೇ ಮಂತ್ರ. ಹೆಂಗಸರು ಅಗ್ನಿಯ ಸ್ಥಾನಕ್ಕೆ ಏರಲಿ ಅಂತ ಅದರಲ್ಲಿ ಇದೆ ಅಂದರು. ಶ್ರುತಿಯೇ ಹೇಳಿದ ಮೇಲೆ ಮುಗೀತಲ್ಲ?

ಮುಗಿಯಲಿಲ್ಲ. 1829ರ ಡಿಸೆಂಬರ್ 4ರಂದು ಬೆಂಟಿಂಕ್ ಸತಿಯನ್ನು ನಿಷೇಧಿಸಿದ. ಋಗ್ವೇದ ಅಚ್ಚಾಗಿ ಎಲ್ಲರ ಕೈಗೆ ಸಿಗೋಕೆ ಶುರುವಾದದ್ದು ಅದಕ್ಕೂ ಎಷ್ಟೋ ವರ್ಷದ ನಂತರ. ಮ್ಯಾಕ್ಸ್ ಮುಲ್ಲರ್ ಸಂಪಾದಿಸಿದ ಮೊದಲ ಸಂಪುಟ ಬಂದದ್ದು 1849ರಲ್ಲಿ. 1850ರ ದಶಕದಲ್ಲಿ ಎಚ್.ಎಚ್. ವಿಲ್ಸನ್ ಎಂಬ ಸಂಸ್ಕೃತ ವಿದ್ವಾಂಸರು ಮಂತ್ರವನ್ನು ಮೂಲದ ಜೊತೆ ಇಟ್ಟು ನೋಡಿದರು. ಮೂಲದಲ್ಲಿ ಇರುವ ಪದ ‘ಅಗ್ರೇ’, ಅಂದರೆ ಮೊದಲು, ಮುಂದೆ. ಸತಿಗೆ ಆಧಾರ ಅಂತ ತೋರಿಸುತ್ತಿದ್ದ ಪಾಠದಲ್ಲಿ ಅದು ‘ಅಗ್ನೇಃ’, ಅಂದರೆ ಅಗ್ನಿಯ, ಅಂತ ಆಗಿತ್ತು. ಇನ್ನೂ ವಿಚಿತ್ರ ಏನು ಗೊತ್ತಾ? ಆ ಮಂತ್ರ ವಿಧವೆಯರ ಬಗ್ಗೆ ಅಲ್ಲವೇ ಅಲ್ಲ. ಗಂಡ ಬದುಕಿರುವ ಹೆಂಗಸರು ಕಣ್ಣೀರಿಲ್ಲದೆ, ಅಲಂಕಾರದಲ್ಲಿ ಮುಂದೆ ಹೋಗಲಿ ಅನ್ನುವುದು ಅದರ ಅರ್ಥ. ಅದರ ಮುಂದಿನ ಎಂಟನೇ ಮಂತ್ರ, ಸತ್ತವನ ಪಕ್ಕ ಮಲಗಿರುವ ಹೆಣ್ಣನ್ನು ಎದ್ದು ಬದುಕಿರುವವರ ಲೋಕಕ್ಕೆ ಬಾ ಅಂತ ಕರೆಯುತ್ತೆ. ಒಂದಕ್ಷರ ಬದಲಾಗಿದ್ದು ಬೇಕಂತಲೋ, ನಕಲು ಮಾಡುವಾಗಿನ ತಪ್ಪೋ ಅನ್ನುವ ವಾದ ವಿದ್ವಾಂಸರಲ್ಲಿ ಇದೆ. ಆದರೆ ಬದಲಾಗಿತ್ತು ಅನ್ನೋದರಲ್ಲಿ ವಾದ ಇಲ್ಲ.

ಬದಲಾಗಿದ್ದು ಇಷ್ಟು ಖಚಿತವಾಗಿ ಸಿಕ್ಕಿಬಿದ್ದದ್ದು ಹೇಗೆ? ಇಲ್ಲೇ ವೇದಕ್ಕೂ ಮಿಕ್ಕ ಗ್ರಂಥಗಳಿಗೂ ಇರುವ ದೊಡ್ಡ ವ್ಯತ್ಯಾಸ ಗೊತ್ತಾಗೋದು. ವೇದವನ್ನು ಉಳಿಸಿದ್ದು ಓಲೆಗರಿಗಿಂತ ಹೆಚ್ಚಾಗಿ ಬಾಯಿಪಾಠ. ಬರೀ ಮಂತ್ರ ಒಪ್ಪಿಸೋದಲ್ಲ, ಒಂದೊಂದೇ ಪದ ಬಿಡಿಸಿ ಹೇಳುವ ಪದಪಾಠ, ಎರಡೆರಡು ಪದ ಕೊಂಡಿ ಹಾಕುವ ಕ್ರಮಪಾಠ, ಹಿಂದುಮುಂದು ಮಾಡಿ ಹೇಳುವ ಜಟೆ, ಘನ. ಘನಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು, ಹೀಗೆ ಪದಗಳು ಸಾಗುತ್ತವೆ. ಒಂದಕ್ಷರ ಜಾರಿದರೆ ಎದುರಿಗೆ ಕೂತ ಗುರುವಿನ ಕಿವಿಗೆ ತಕ್ಷಣ ಗೊತ್ತಾಗುತ್ತೆ. ಯಾವುದೋ ಒಂದು ಊರಿನ ಬರಹದಲ್ಲಿ ‘ಅಗ್ನೇಃ’ ಸೇರಬಹುದು. ದೇಶದ ತುಂಬ ಇರುವ ಬಾಯಿಗಳಲ್ಲಿ ಸೇರೋಕೆ ಆಗಲ್ಲ.

ಮಹಾಭಾರತಕ್ಕೆ ಈ ಕಾವಲು ಇರಲಿಲ್ಲ. ಕಥೆ ಹೇಳುವವನು ಬೆಳೆಸಿದ, ನಕಲು ಮಾಡುವವನು ಸೇರಿಸಿದ. ಪುಣೆಯ ಭಂಡಾರ್ಕರ್ ಸಂಸ್ಥೆ ಒಂದು ಪರಿಷ್ಕೃತ ಪಾಠ ಸಿದ್ಧಮಾಡೋಕೆ 1919ರಲ್ಲಿ ಕೂತದ್ದು, ಮುಗಿಸಿದ್ದು 1966ರಲ್ಲಿ. ಪುರಾಣಗಳ ಪ್ರತಿಗಳಲ್ಲೂ ಸೇರ್ಪಡೆ, ಬಿಟ್ಟುಹೋದ ಭಾಗ ಬೇಕಾದಷ್ಟಿವೆ. ಹಾಗಾಗಿ ‘ಇಂಥ ಪುರಾಣದಲ್ಲಿದೆ’ ಅಂತ ಯಾರಾದರೂ ಅಂದರೆ, ‘ಯಾವ ಪಾಠದಲ್ಲಿ?’ ಅನ್ನೋದು ನ್ಯಾಯವಾದ ಪ್ರಶ್ನೆ.

ಹಾಗಾದರೆ ವೇದವೇ ಸುಪ್ರೀಂ ಕೋರ್ಟ್, ಅಷ್ಟೇ ಸಾಕು ಅನ್ನಬಹುದಾ? ಇಲ್ಲ. ಇದಕ್ಕೆ ಒಂದು ಮಿತಿ ಇದೆ, ಅದನ್ನು ಹೇಳಿದವನು ನಮ್ಮ ನೆಲದವನು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ. ಆಸ್ತಿ ಕೇಸುಗಳಲ್ಲಿ ವಕೀಲರು ‘ಮಿತಾಕ್ಷರ’ ಅಂತಾರಲ್ಲ, ಅದನ್ನು ಬರೆದವನು. ಅಪ್ಪನ ಆಸ್ತಿಯಲ್ಲಿ ಹಿರಿಮಗನಿಗೆ ಹೆಚ್ಚು ಪಾಲು ಕೊಡಿ ಅಂತ ಹಳೆಯ ಶಾಸ್ತ್ರದಲ್ಲಿದೆ. ಇದೆ ಅಂತ ಅವನೂ ಒಪ್ಪುತ್ತಾನೆ. ಆದರೆ ಜನ ಅದನ್ನು ದ್ವೇಷಿಸುತ್ತಾರೆ, ಆದ್ದರಿಂದ ಆಚರಿಸಬಾರದು ಅನ್ನುತ್ತಾನೆ. ಅತಿಥಿಗೆ ಎತ್ತನ್ನು ಕೊಂದು ಸತ್ಕರಿಸುವ ವಿಧಿ ಶಾಸ್ತ್ರದಲ್ಲಿದ್ದರೂ ಯಾರೂ ಮಾಡುವುದಿಲ್ಲವಲ್ಲ, ಹಾಗೆಯೇ ಇದು ಅಂತ ಹೋಲಿಕೆ ಕೊಡುತ್ತಾನೆ. ಅಶ್ವಮೇಧದಂಥ ವೇದದ್ದೇ ಯಾಗವನ್ನು ಕಲಿಯುಗದಲ್ಲಿ ಬೇಡ ಅಂತ ಪಟ್ಟಿ ಮಾಡಿದ್ದು ಪುರಾಣಗಳು. ಅದನ್ನು ಕಲಿವರ್ಜ್ಯ ಅನ್ನುತ್ತಾರೆ. ಕಾಗದದ ಮೇಲೆ ಶ್ರುತಿ ಮೇಲೆ, ಬದುಕಿನಲ್ಲಿ ಎಷ್ಟೋ ಕಡೆ ಸ್ಮೃತಿ ಗೆದ್ದಿದೆ.

ಭಕ್ತಿಯ ಲೆಕ್ಕವಂತೂ ಪೂರ್ತಿ ಬೇರೆ. ಭಗವದ್ಗೀತೆ ಮಹಾಭಾರತದ ಭೀಷ್ಮಪರ್ವದ ಭಾಗ, ಅಂದರೆ ಲೆಕ್ಕಕ್ಕೆ ಸ್ಮೃತಿ. ಆದರೂ ಶಂಕರ, ರಾಮಾನುಜ, ಮಧ್ವ ಮೂವರೂ ಅದಕ್ಕೆ ಭಾಷ್ಯ ಬರೆದರು. ಮಧ್ವರು ಮಹಾಭಾರತವನ್ನು ವೇದಗಳ ಜೊತೆಗೇ ಪ್ರಮಾಣವಾಗಿ ಎಣಿಸಿದರು. ಇತ್ತ ನಮ್ಮ ಶರಣರು ವೇದದ ಪ್ರಾಮಾಣ್ಯವನ್ನೇ ಪ್ರಶ್ನಿಸಿ, ಕನ್ನಡದ ವಚನವನ್ನು ಮುಂದಿಟ್ಟರು. ಅವರನ್ನು ಬಿಟ್ಟು ಈ ಲೆಕ್ಕ ಪೂರ್ತಿ ಅನ್ನಿಸಿಕೊಳ್ಳಲ್ಲ.

ಆದ್ದರಿಂದ ಯಾರಾದರೂ ‘ಶಾಸ್ತ್ರದಲ್ಲಿದೆ’ ಅಂತ ನಿಮ್ಮ ಬಾಯಿ ಮುಚ್ಚಿಸೋಕೆ ಬಂದರೆ ಹೆದರಬೇಡಿ. ಶ್ರುತಿಯೋ ಸ್ಮೃತಿಯೋ ಕೇಳಿ. ಮಂಡಲ, ಸೂಕ್ತ, ಮಂತ್ರದ ಸಂಖ್ಯೆ ಕೇಳಿ, ಅದರ ಹಿಂದಿನ ಮಂತ್ರ, ಮುಂದಿನ ಮಂತ್ರ ಓದಿಸಿ. ಕೊನೆಗೆ, ಆ ಕಂಬದ ಬಟ್ಟೆ ಯಾರ ಮನೆಗೆ ಹೋಗುತ್ತೆ ಅಂತಲೂ ಕೇಳಿ. ಕೇಳೋದಕ್ಕೆ ಶಬರಸ್ವಾಮಿಯ ಅನುಮತಿ ಇದೆ.