ಪೆನ್ಸಿಲ್ಲಿನ ಎರಡು ತುದಿ

ಬಿ.ಎಡ್. ಕಾಲೇಜುಗಳ ಸೂಕ್ಷ್ಮ ಬೋಧನೆಯಲ್ಲಿ ಒಂದು ಸಲಕ್ಕೆ ಒಂದೇ ಕೌಶಲದ ಅಭ್ಯಾಸ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಪದ್ಧತಿಗೆ ನಮ್ಮಲ್ಲಿ ಎನ್‌ಸಿಇಆರ್‌ಟಿ 36 ನಿಮಿಷದ ಚೌಕಟ್ಟು ಕೊಟ್ಟಿತು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಪಾಠವನ್ನು ತಿದ್ದಿ ಬರೆಯುವುದು, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಇದರಲ್ಲಿ ಹೆಚ್ಚು ಎಡವುವ ಜಾಗಗಳು ಎರಡು: ಪೀಠಿಕೆ ಮತ್ತು ಮುಕ್ತಾಯ.

ಎಂಟನೇ ತರಗತಿಯ 'ಒತ್ತಡ' ಪಾಠವನ್ನೇ ನೋಡಿ. ರೂಢಿಯ ಪೀಠಿಕೆ ಹೀಗಿರುತ್ತದೆ: "ತಳ್ಳುವುದು, ಎಳೆಯುವುದಕ್ಕೆ ಏನನ್ನುತ್ತೇವೆ?" "ಬಲ, ಮಿಸ್." "ಬಲ ಹಾಕಿ ಒತ್ತಿದರೆ ಏನುಂಟಾಗುತ್ತದೆ?" "ಒತ್ತಡ, ಮಿಸ್." "ಸರಿ, ಇವತ್ತು ಒತ್ತಡದ ಬಗ್ಗೆ ತಿಳಿಯೋಣ." ಪಾಠದ ಹೆಸರನ್ನು ಮಕ್ಕಳ ಬಾಯಿಂದ ಹೊರಡಿಸಿದ್ದಷ್ಟೇ ಇಲ್ಲಿನ ಸಾಧನೆ. ಹೆಸರು ಸಿಕ್ಕಿತು, ಕುತೂಹಲ ಹುಟ್ಟಲಿಲ್ಲ.

ಇದನ್ನೇ ಹೀಗೆ ಮಾಡಬಹುದು. ಪ್ರತಿ ಮಗುವಿಗೂ ತೀರಾ ಚೂಪಲ್ಲದ ಒಂದು ಪೆನ್ಸಿಲ್. "ಮೊನೆಯನ್ನು ಒಂದು ಕೈಯ ತೋರುಬೆರಳಿಗೆ, ಚಪ್ಪಟೆ ತುದಿಯನ್ನು ಇನ್ನೊಂದು ಕೈಯ ಬೆರಳಿಗೆ ತಾಗಿಸಿ ಮೆಲ್ಲಗೆ ಒತ್ತಿ. ಎಲ್ಲಿ ಹೆಚ್ಚು ಚುಚ್ಚುತ್ತದೆ?" "ಮೊನೆ ಕಡೆ." "ಅಲ್ಲಿ ಹೆಚ್ಚು ಬಲ ಹಾಕಿದಿರಾ? ಹಾಗಿದ್ದರೆ ಪೆನ್ಸಿಲ್ ಇನ್ನೊಂದು ಕಡೆಗೆ ಸರಿಯಬೇಕಿತ್ತಲ್ಲ?" ಮಕ್ಕಳು ಇಲ್ಲಿ ತಡವರಿಸಬೇಕು. ಬಲ ಎರಡೂ ಕಡೆ ಒಂದೇ, ನೋವು ಮಾತ್ರ ಬೇರೆ. ಈ ತೊಡಕು ಬಿಡಿಸಲು ತಾಗುವ ಜಾಗದ ವಿಸ್ತೀರ್ಣವನ್ನು ಲೆಕ್ಕಕ್ಕೆ ತರಲೇಬೇಕು. ಆದರೆ ಉತ್ತರವನ್ನು ಪೀಠಿಕೆಯಲ್ಲೇ ಹೇಳಿಬಿಟ್ಟರೆ ಪಾಠಕ್ಕೆ ಉಳಿಯುವುದೇನು?

ಮುಕ್ತಾಯದಲ್ಲಿ ಬಹುಪಾಲು ಕೇಳಿಸುವುದು "ಅರ್ಥ ಆಯ್ತಾ ಮಕ್ಕಳೇ?" ಎಂಬ ಪ್ರಶ್ನೆ. ಇದಕ್ಕೆ ಇಡೀ ತರಗತಿ "ಆಯ್ತು" ಎನ್ನುತ್ತದೆ, ಅರ್ಥವಾಗದವರೂ ಸೇರಿ. ಅದರ ಬದಲು ಮೇಜಿನ ಮೇಲೆ ಇಟ್ಟಿಗೆ ಇಡಿ. "ತೂಕ 30 ನ್ಯೂಟನ್. ಮಲಗಿಸಿದಾಗ ತಾಗುವ ಜಾಗ 0.02 ಚದರ ಮೀಟರ್, ನಿಲ್ಲಿಸಿದಾಗ 0.01. ಒತ್ತಡ ಎಷ್ಟೆಷ್ಟು?" ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಮೊದಲನೆಯದು 1500 ಪ್ಯಾಸ್ಕಲ್, ಎರಡನೆಯದು 3000. ಆಮೇಲೆ, "ಇಟ್ಟಿಗೆ ಭಾರವಾಗಲಿಲ್ಲ, ಒತ್ತಡ ಹೇಗೆ ಇಮ್ಮಡಿಯಾಯಿತು? ಒಂದೇ ವಾಕ್ಯದಲ್ಲಿ ಬರೆಯಿರಿ." ಸಾರಾಂಶ ಮಕ್ಕಳದ್ದಾಗಬೇಕು, ಶಿಕ್ಷಕಿಯದ್ದಲ್ಲ. "ಭಾರ ಹೆಚ್ಚಾಯಿತು" ಎಂದು ಯಾರಾದರೂ ಬರೆದರೆ ಬಲವೂ ಒತ್ತಡವೂ ಅವರ ತಲೆಯಲ್ಲಿ ಇನ್ನೂ ಬೇರೆಯಾಗಿಲ್ಲ ಎಂದರ್ಥ. ಕೊನೆಗೆ ಮುಂದಿನ ಪಾಠಕ್ಕೊಂದು ಕೊಂಡಿ: "ನೀರು ತುಂಬಿದ ಬಾಟಲಿಗೆ ಮೇಲೊಂದು, ಕೆಳಗೊಂದು ತೂತು ಮಾಡಿದರೆ ಯಾವುದರಿಂದ ನೀರು ಜೋರಾಗಿ ಚಿಮ್ಮುತ್ತದೆ? ಮನೆಯಲ್ಲಿ ಮಾಡಿ ನೋಡಿ ಬನ್ನಿ."

ಒಂದು ಮಿತಿಯುಂಟು. ಕಾಲೇಜಿನಲ್ಲಿ ಮಕ್ಕಳಾಗಿ ಕೂರುವವರು ಸಹಪಾಠಿಗಳೇ. ಅವರು ತಡವರಿಸುವಂತೆ ನಟಿಸುತ್ತಾರೆ, ಬೇಕಾದ ಉತ್ತರವನ್ನು ಬೇಕಾದಾಗ ಕೊಡುತ್ತಾರೆ. ಹಾಗಾಗಿ ವೀಕ್ಷಕರು ಅವರಿಗೆ ಮೊದಲೇ ಎರಡು ತಪ್ಪು ಉತ್ತರಗಳನ್ನು ಚೀಟಿಯಲ್ಲಿ ಬರೆದುಕೊಡುವುದು ಒಳ್ಳೆಯದು. ತಪ್ಪು ಉತ್ತರ ಬಂದಾಗ ಪ್ರಶಿಕ್ಷಣಾರ್ಥಿ ಅದನ್ನು ಹಿಡಿದು ಮುಂದಿನ ಪ್ರಶ್ನೆ ಕಟ್ಟುತ್ತಾರೋ, ಕೇಳಿಸದಂತೆ ಇನ್ನೊಬ್ಬರತ್ತ ತಿರುಗುತ್ತಾರೋ ಎಂಬುದು ಹಿಮ್ಮಾಹಿತಿಯ ಆರು ನಿಮಿಷಕ್ಕೆ ಸಾಕಾಗುವಷ್ಟು ವಿಷಯ.