ಚೀಟಿಯಲ್ಲಿ ಇಪ್ಪತ್ತು, ಸಿರಿಂಜಿನಲ್ಲಿ ಎಂಟು

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಬುಕ್ಕಸಾಗರ ಸಿಗುತ್ತದೆ. ಬಾಳೆ, ಭತ್ತ, ಕಬ್ಬಿನ ಊರು. ಆ ಊರಿನ ಐವತ್ತೆಂಟರ ಹೆಂಗಸೊಬ್ಬರನ್ನು ಕಣ್ಣಮುಂದೆ ತಂದುಕೊಳ್ಳಿ. ಈಕೆ ಒಬ್ಬ ರೋಗಿಯಲ್ಲ, ಇಂಥ ಹಲವರನ್ನು ಸೇರಿಸಿ ನಾನು ಕಟ್ಟಿಕೊಂಡ ರೋಗಿ. ಶುಗರ್ ಬಂದು ಹನ್ನೆರಡು ವರ್ಷ, ಇನ್ಸುಲಿನ್ ಶುರುವಾಗಿ ಎರಡು ವರ್ಷ. ಕೈಚೀಲದಲ್ಲಿ ಮೂರು ಚೀಟಿಗಳಿವೆ: ಒಂದು ಹೊಸಪೇಟೆಯದು, ಒಂದು ಕಂಪ್ಲಿಯದು, ಮತ್ತೊಂದು ಮತ್ತೆ ಹೊಸಪೇಟೆಯದು. ಮೂರರಲ್ಲೂ ಬೇರೆ ಬೇರೆ ಅಂಕಿ.

"ಒಬ್ರು ಏರಸ್ತಾರ, ಒಬ್ರು ಇಳಸ್ತಾರ. ನಾನು ಯಾರ ಮಾತು ಕೇಳ್ಲಿ ಹೇಳ್ರಿ ಸಾರ್?"

ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಹಳೆಯ ಉಪಾಯವಿದೆ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ರೋಗಿಯ ಕಡತ ಬರೆಯುವ ಕ್ರಮವನ್ನೇ ಬದಲಿಸಲು ಹೊರಟರು. 1968ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಆ ಕ್ರಮ ಪ್ರಸಿದ್ಧವಾಯಿತು. ಅದರಿಂದ ಬಂದ ನಾಲ್ಕು ಭಾಗಗಳ ಟಿಪ್ಪಣಿಯನ್ನು ಮೊದಲಕ್ಷರಗಳನ್ನು ಕೂಡಿಸಿ 'ಸೋಪ್' ಎನ್ನುತ್ತಾರೆ. ಮೊದಲು ರೋಗಿ ಹೇಳಿದ್ದು, ಆಮೇಲೆ ವೈದ್ಯರು ಕಂಡದ್ದು ಮತ್ತು ಅಳೆದದ್ದು, ಮೂರನೆಯದು ಇವೆರಡರಿಂದ ವೈದ್ಯರು ಊಹಿಸಿದ್ದು, ಕೊನೆಗೆ ಮುಂದೆ ಮಾಡಬೇಕಾದ್ದು. ಹೇಳಿದ್ದನ್ನೂ ಕಂಡದ್ದನ್ನೂ ಊಹೆಯನ್ನೂ ಕಲಸಬಾರದು ಎಂಬುದೇ ಇದರ ಗುಟ್ಟು.

ಈಕೆಯ ಚೀಟಿಗಳಲ್ಲಿ ಮೊದಲ ಮೂರು ಭಾಗಗಳೇ ಇಲ್ಲ. 'ಇನ್ಸುಲಿನ್ ಏರಿಸಿದೆ' ಅಥವಾ 'ಇಳಿಸಿದೆ' ಎಂದಷ್ಟೇ ಇದೆ. ಡೋಸ್ ಪದೇ ಪದೇ ಬದಲಾಗುವ ರೋಗಿಯಲ್ಲಿ ಮೊದಲು ಬರೆಯಬೇಕಾದ್ದು ವೈದ್ಯರು ಹೇಳಿದ ಡೋಸ್ ಅಲ್ಲ, ರೋಗಿ ನಿಜಕ್ಕೂ ಚುಚ್ಚಿಕೊಂಡ ಡೋಸ್. ಇವೆರಡೂ ಒಂದೇ ಎಂದು ನಂಬಿಬಿಡುವುದರಲ್ಲೇ ಎಡವಟ್ಟಿನ ಮೂಲವಿದೆ.

ಹಾಗಾಗಿ ಟಿಪ್ಪಣಿಯ ಮೊದಲ ಭಾಗಕ್ಕೆ ಆಕೆಯನ್ನು ಕೇಳಿದ್ದು 'ಎಷ್ಟು ತಗೋತೀರಿ?' ಎಂದಲ್ಲ. ಹಾಗೆ ಕೇಳಿದರೆ ಚೀಟಿಯ ಅಂಕಿಯೇ ವಾಪಸ್ ಬರುತ್ತದೆ. 'ನಿನ್ನೆ ರಾತ್ರಿ ಹೇಗೆ ತಗೊಂಡ್ರಿ, ಮೊದಲಿಂದ ಹೇಳಿ ಅಮ್ಮಾ' ಎಂದಾಗ ಆಕೆ ಹೇಳಿದ್ದಿಷ್ಟು. ಬಾಟಲಿ ಮಣ್ಣಿನ ಗಡಿಗೆಯೊಳಗೆ ತಣ್ಣಗಿರುತ್ತದೆ. ರಾತ್ರಿ ಎಂಟಕ್ಕೆ ಊಟಕ್ಕೆ ಮುಂಚೆ ಮಗ ಎಳೆದು ಕೊಡುತ್ತಾನೆ. ಒಂದು ದಿನವೂ ತಪ್ಪಿಸಿಲ್ಲ. ಹಿಂದಿನ ತಿಂಗಳು ಎರಡು ರಾತ್ರಿ ಮೂರು ಗಂಟೆಗೆ ಮೈಯೆಲ್ಲ ಬೆವತು, ಕೈ ನಡುಗಿ, ಬೆಲ್ಲ ತಿಂದಮೇಲೆ ಸುಧಾರಿಸಿತು. ಆಮೇಲೆ ಹಾಗಾಗಿಲ್ಲ, ಆದರೆ ಈಗ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಇದನ್ನೆಲ್ಲ ಆಕೆಯ ಮಾತಿನಲ್ಲೇ ಬರೆದುಕೊಳ್ಳಬೇಕು. 'ರಾತ್ರಿ ಶುಗರ್ ಇಳಿದಿತ್ತು' ಎಂದು ಬರೆದರೆ ಅದು ಆಗಲೇ ಊಹೆ, ಅದರ ಜಾಗ ಮೂರನೆಯ ಭಾಗದಲ್ಲಿ.

ಎರಡನೆಯ ಭಾಗಕ್ಕೆ ತೂಕ, ರಕ್ತದೊತ್ತಡ, ಬೆಳಗಿನ ಖಾಲಿ ಹೊಟ್ಟೆಯ ಶುಗರ್ 268. ಹೊಟ್ಟೆಯ ಮೇಲೆ ಚುಚ್ಚುವ ಜಾಗದಲ್ಲಿ ಗಂಟುಗಳಿಲ್ಲ. ಗಂಟಿದ್ದರೆ ಇನ್ಸುಲಿನ್ನನ್ನು ಮೈ ಒಂದು ದಿನ ಹೀರಿಕೊಳ್ಳುತ್ತದೆ, ಇನ್ನೊಂದು ದಿನ ಇಲ್ಲ. ಕಿಡ್ನಿಯ ಪರೀಕ್ಷೆ ಸರಿಯಿದೆ. ಕಿಡ್ನಿ ಸೋತರೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದಾದ್ದರಿಂದ ಅದನ್ನು ನೋಡದೆ ಡೋಸ್ ಮುಟ್ಟಬಾರದು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯೂ ಆಗಿದೆ. ಆದರೆ ಅದು ಏರಿದ ದಿನವನ್ನೂ ಇಳಿದ ರಾತ್ರಿಯನ್ನೂ ಕೂಡಿಸಿ ಒಂದೇ ಅಂಕಿ ಕೊಡುವುದರಿಂದ ಇಲ್ಲಿ ಅಷ್ಟು ನೆರವಾಗದು.

ಉಳಿದದ್ದು ಚೀಲ. ಅದನ್ನು ಮೇಜಿನ ಮೇಲೆ ಸುರಿಸಿದಾಗ ಹೊರಬಂದದ್ದು: ಒಂದು ಬಾಟಲಿ, ಮೇಲೆ '40' ಎಂಬ ಗುರುತು. ಒಂದು ಕೆಂಪು ಮುಚ್ಚಳದ ಸಿರಿಂಜು. ಆರು ಕಿತ್ತಳೆ ಮುಚ್ಚಳದ ಸಿರಿಂಜು.

ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಗಾಢತೆಯಲ್ಲಿ ಸಿಗುತ್ತದೆ. ಬಾಟಲಿಯಲ್ಲಿ ಬರುವುದು ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕೊಳವೆಯಲ್ಲಿ ಬರುವುದು 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜಿನ ಗೀಟುಗಳನ್ನು ನಲವತ್ತರ ದ್ರವಕ್ಕೆ, ಕಿತ್ತಳೆಯದರ ಗೀಟುಗಳನ್ನು ನೂರರ ದ್ರವಕ್ಕೆ ಎಳೆದಿರುತ್ತಾರೆ. ನಲವತ್ತರ ಬಾಟಲಿಗೆ ಕಿತ್ತಳೆ ಸಿರಿಂಜು ಹಾಕಿ ಇಪ್ಪತ್ತರ ಗೀಟಿನವರೆಗೆ ಎಳೆದರೆ ಬರುವುದು 0.2 ಮಿಲಿಲೀಟರ್, ಅಂದರೆ ಎಂಟೇ ಯೂನಿಟ್. ಬರೆದದ್ದನ್ನು ಎರಡೂವರೆಯಿಂದ ಭಾಗಿಸಿದಷ್ಟು. ತಿರುಗುಮುರುಗಾದರೆ, ನೂರರ ದ್ರವವನ್ನು ಕೆಂಪು ಸಿರಿಂಜಿನಲ್ಲಿ ಇಪ್ಪತ್ತಕ್ಕೆ ಎಳೆದರೆ, ಒಳಹೋಗುವುದು 50 ಯೂನಿಟ್. ಅದು ಪ್ರಾಣಕ್ಕೇ ಬರಬಹುದು.

ಈಗ ಮೂರನೆಯ ಭಾಗಕ್ಕೆ ಬರೋಣ. ಆಕೆ ತೆಗೆದುಕೊಳ್ಳುತ್ತಿರುವುದು ದಿನಕ್ಕೆ ಎರಡು ಬಾರಿಯ ಮಿಶ್ರ ಇನ್ಸುಲಿನ್. ಇದರಲ್ಲಿ ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಮುಖ್ಯವಾಗಿ ಹಿಂದಿನ ರಾತ್ರಿಯ ಡೋಸಿನ ಕಥೆ ಹೇಳುತ್ತದೆ. ಆದ್ದರಿಂದ ರಾತ್ರಿಯದನ್ನಷ್ಟೇ ಜಾಡು ಹಿಡಿಯೋಣ. ನಾಲ್ಕು ತಿಂಗಳ ಹಿಂದೆ ಕೆಂಪು ಸಿರಿಂಜಿನಲ್ಲಿ 10 ಯೂನಿಟ್, ಬೆಳಗಿನ ಶುಗರ್ 130ರ ಆಸುಪಾಸು. ಆಮೇಲೆ ಔಷಧದಂಗಡಿಯಲ್ಲಿ ಕಿತ್ತಳೆ ಸಿಕ್ಕಿತು. ಅದೇ ಹತ್ತರ ಗೀಟು ನಾಲ್ಕು ಯೂನಿಟ್ ಆಯಿತು, ಶುಗರ್ ಏರಿತು. ಮೊದಲ ಚೀಟಿ 14ಕ್ಕೆ ಏರಿಸಿತು, ಎರಡನೆಯದು 20ಕ್ಕೆ. ಆಗಲೂ ಒಳಹೋಗುತ್ತಿದ್ದದ್ದು ಎಂಟು. ಅಷ್ಟರಲ್ಲಿ ಒಂದು ಪೊಟ್ಟಣ ಕೆಂಪು ಸಿರಿಂಜು ಮನೆಗೆ ಬಂತು. ಇಪ್ಪತ್ತು ನಿಜವಾಗಿಯೂ ಇಪ್ಪತ್ತೇ ಆದ ವಾರವೇ ಬೆಳಗಿನ ಜಾವ ಮೂರರ ಆ ಬೆವರು. ಎಂಟಕ್ಕೆ ಚುಚ್ಚಿದ ಮಿಶ್ರ ಇನ್ಸುಲಿನ್ನಿನ ನಿಧಾನದ ಪಾಲು ಜೋರಾಗುವುದೂ ಆ ಹೊತ್ತಿಗೇ. ಮೂರನೆಯ ಚೀಟಿ ಹೆದರಿ 10ಕ್ಕೆ ಇಳಿಸಿತು. ಕೆಂಪು ಮುಗಿಯುತ್ತ ಬಂದಂತೆ ಮನೆಯವರು ಉಳಿದಿದ್ದ ಕಿತ್ತಳೆಗೆ ಮರಳಿದರು. ಮತ್ತೆ ನಾಲ್ಕು ಯೂನಿಟ್, ಶುಗರ್ 268.

ಅಂದರೆ ಇಷ್ಟು ದಿನ ಬದಲಾದದ್ದು ಕಾಯಿಲೆಯಲ್ಲ, ಗೀಟಿನ ಅರ್ಥ. ಪ್ರತಿ ವೈದ್ಯರೂ ತಮ್ಮ ಮುಂದಿದ್ದ ಅಂಕಿಗೆ ಸರಿಯಾದದ್ದನ್ನೇ ಮಾಡಿದ್ದರು ಎಂಬುದು ಇದರಲ್ಲಿನ ಕಿರಿಕಿರಿ. ಈ ಭಾಗದಲ್ಲಿ ಬರೆದದ್ದು: 'ಶುಗರ್ ಏರಿಳಿತಕ್ಕೆ ಬಹುಪಾಲು ಕಾರಣ ಸಿರಿಂಜು ಅದಲುಬದಲು. ರಾತ್ರಿ ಮೂರರ ಘಟನೆಗಳು ಶುಗರ್ ಇಳಿತವೇ ಇರಬೇಕು, ಆದರೆ ಆಗ ಅಳೆದಿಲ್ಲ.' ಕೊನೆಯ ಮಾತು ಮುಖ್ಯ. 70ಕ್ಕಿಂತ ಕೆಳಗಿಳಿದರೆ ಇಳಿತ ಎನ್ನುತ್ತೇವೆ, ಅಳೆಯದೆ ಅದನ್ನು ಖಚಿತ ಎಂದು ಬರೆಯಬಾರದು.

ಯೋಜನೆಯಲ್ಲಿ ಡೋಸ್ ಏರಿಸಲಿಲ್ಲ. 268 ನೋಡಿದ ಕೈ ಏರಿಸಲು ತವಕಿಸುತ್ತದೆ. ಆದರೆ ಸಿರಿಂಜು ಸರಿಮಾಡಿದರೆ ಅದೇ ಅಂಕಿಯ ಡೋಸ್ ತಾನಾಗಿ ಎರಡೂವರೆ ಪಟ್ಟಾಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಮತ್ತೊಂದು ಬೆವರಿನ ರಾತ್ರಿ. ಹಿಂದೆ ಕೆಲಸ ಮಾಡಿದ್ದ ಹತ್ತಕ್ಕೇ ನಿಲ್ಲಿಸಿ, ಕಿತ್ತಳೆ ಸಿರಿಂಜುಗಳನ್ನು ತೆಗೆದಿಟ್ಟುಕೊಂಡು, ಒಂದು ವಾರ ಬೆಳಿಗ್ಗೆ ಮತ್ತು ರಾತ್ರಿ ಊಟದ ಮುಂಚೆ ಶುಗರ್ ಬರೆದಿಡಲು, ಎರಡು ದಿನ ರಾತ್ರಿ ಮೂರಕ್ಕೂ ನೋಡಲು ಹೇಳಿದ್ದಾಯಿತು. ಇದು ಈಕೆಯ ಲೆಕ್ಕ, ಬೇರೆಯವರು ಇದನ್ನು ನೋಡಿ ಡೋಸ್ ಹೊಂದಿಸಿಕೊಳ್ಳಬಾರದು. ಚೀಟಿಯಲ್ಲಿ '10 ಯೂನಿಟ್' ಎಂದು ಪೂರ್ತಿ ಬರೆದು ಪಕ್ಕದಲ್ಲೇ 'ಕೆಂಪು ಮುಚ್ಚಳ, 40ರ ಬಾಟಲಿ' ಎಂದೂ ಸೇರಿಸಿದ್ದಾಯಿತು. ಯೂನಿಟ್ಟಿಗೆ ಇಂಗ್ಲಿಷಿನ ಒಂದೇ ಅಕ್ಷರ ಗೀಚಿದರೆ ಅದು ಸೊನ್ನೆಯಂತೆ ಕಂಡು ಹತ್ತು ನೂರಾದ ಪ್ರಸಂಗಗಳಿವೆ.

ಏಳನೆಯ ದಿನ ಆಕೆ ಮಗನ ಜೊತೆ ಬಂದರು. ಬೆಳಗಿನ ಅಂಕಿಗಳು 190ರಿಂದ ಶುರುವಾಗಿ 142ಕ್ಕೆ ಬಂದಿದ್ದವು, ರಾತ್ರಿ ಮೂರಕ್ಕೆ 118 ಮತ್ತು 109. ಹೊಸ ಟಿಪ್ಪಣಿಯ ಎರಡನೆಯ ಭಾಗದ ಮೊದಲ ಸಾಲು: 'ಸಿರಿಂಜು ಕೆಂಪು, ಮಗ ನಮ್ಮೆದುರೇ ಹತ್ತಕ್ಕೆ ಎಳೆದು ತೋರಿಸಿದ.' ಯೋಜನೆಯ ಸಾಲು: 'ಡೋಸ್ ಬದಲಿಸಿಲ್ಲ. ಅಂಕಿ ಇನ್ನೂ ಇಳಿಯುತ್ತಿದೆ, ನಿಂತ ಮೇಲೆ ನೋಡೋಣ.'