ಶಿವರಾತ್ರಿಯ ದಿನವನ್ನು ಗೊತ್ತುಮಾಡುವ ನಡುರಾತ್ರಿ

2024ರಲ್ಲಿ ಮಹಾಶಿವರಾತ್ರಿ ಮಾರ್ಚ್ 8ರ ಶುಕ್ರವಾರ ಬಂದಿತ್ತು. ಆ ದಿನದ ಪಂಚಾಂಗ ತೆರೆದರೆ ತಿಥಿ ತ್ರಯೋದಶಿ ಎಂದಿತ್ತು. ಮಾಘ ಬಹುಳ ಚತುರ್ದಶಿ ಕಾಣುವುದು ಮರುದಿನ ಶನಿವಾರದ ಎದುರಿಗೆ. ಚತುರ್ದಶಿಯ ಹಬ್ಬವನ್ನು ತ್ರಯೋದಶಿ ಎಂದು ಬರೆದ ದಿನ ಆಚರಿಸಿದ್ದೇಕೆ? ಉತ್ತರ ಚಂದ್ರನ ಚಲನೆಯಲ್ಲಿದೆ.

ಭೂಮಿಯಿಂದ ನೋಡಿದಾಗ ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಅದು ಸೂರ್ಯೋದಯಕ್ಕೇ ಶುರುವಾಗಬೇಕೆಂದಿಲ್ಲ. ಬೆಳಗಾಗಲಿ, ನಡುರಾತ್ರಿಯಾಗಲಿ, ಕೋನ ತುಂಬಿದ ಕ್ಷಣದಲ್ಲಿ ತಿಥಿ ಬದಲಾಗುತ್ತದೆ. ಚಂದ್ರನ ಕಕ್ಷೆ ದೀರ್ಘವೃತ್ತವಾದ್ದರಿಂದ ಅದರ ವೇಗವೂ ಒಂದೇ ಸಮನಿಲ್ಲ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಯಲ್ಲಿ ಮುಗಿಯಬಹುದು, 26 ಗಂಟೆಗೂ ಮೀರಿ ಎಳೆಯಬಹುದು.

ವ್ಯವಹಾರಕ್ಕೆ ದಿನಕ್ಕೊಂದು ತಿಥಿಯ ಹೆಸರು ಬೇಕಲ್ಲ? ಅದಕ್ಕಾಗಿ ಪಂಚಾಂಗಗಳು ಸೂರ್ಯೋದಯದ ಹೊತ್ತಿಗೆ ಇರುವ ತಿಥಿಯನ್ನೇ ಆ ದಿನದ್ದೆಂದು ಬರೆಯುತ್ತವೆ. ಹಲವು ವ್ರತಗಳಿಗೆ ಇಷ್ಟು ಸಾಲುವುದಿಲ್ಲ. ಯಾವ ಹೊತ್ತಿನಲ್ಲಿ ಪೂಜೆ ನಡೆಯಬೇಕೋ ಆ ಹೊತ್ತಿನಲ್ಲಿ ತಿಥಿ ಇರಬೇಕು ಎಂಬುದು ಧರ್ಮಶಾಸ್ತ್ರದ ನಿಯಮ. ಇದಕ್ಕೆ ಕರ್ಮಕಾಲ ಎನ್ನುತ್ತಾರೆ. ಗಣೇಶ ಚತುರ್ಥಿಗೆ ಮಧ್ಯಾಹ್ನ ನೋಡುವುದು ಇದೇ ಕಾರಣಕ್ಕೆ. ಶಿವ ಲಿಂಗರೂಪದಲ್ಲಿ ಪ್ರಕಟವಾದದ್ದು ನಡುರಾತ್ರಿಯಲ್ಲಿ ಎಂಬ ನಂಬಿಕೆಯಿರುವುದರಿಂದ ಶಿವರಾತ್ರಿಯ ಕರ್ಮಕಾಲ ನಿಶೀಥ.

ನಿಶೀಥವನ್ನು ಗಡಿಯಾರದ 12 ಗಂಟೆಗೆ ಗುರುತಿಸುವುದಿಲ್ಲ. ಸೂರ್ಯಾಸ್ತದಿಂದ ಮರುದಿನದ ಸೂರ್ಯೋದಯದವರೆಗಿನ ರಾತ್ರಿಯನ್ನು 15 ಸಮಭಾಗ ಮಾಡಿದರೆ ಒಂದೊಂದೂ ಒಂದು ಮುಹೂರ್ತ. ನಟ್ಟನಡುವಿನ ಎಂಟನೆಯ ಮುಹೂರ್ತವೇ ನಿಶೀಥ. 2024ರ ಮಾರ್ಚ್ 8ರಂದು ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ್ದು ಸುಮಾರು ಸಂಜೆ 6.30ಕ್ಕೆ, ಮರುದಿನ ಹುಟ್ಟಿದ್ದೂ ಹೆಚ್ಚುಕಡಿಮೆ ಬೆಳಗ್ಗೆ 6.30ಕ್ಕೇ. ರಾತ್ರಿಯ ಅವಧಿ 12 ಗಂಟೆ, ಒಂದು ಮುಹೂರ್ತಕ್ಕೆ 48 ನಿಮಿಷ. ರಾತ್ರಿಯ ನಡುಬಿಂದು 12.30. ಅದರ ಹಿಂದೆ 24 ನಿಮಿಷ, ಮುಂದೆ 24 ನಿಮಿಷ ಹಿಡಿದರೆ ನಿಶೀಥ 12.06ರಿಂದ 12.54ರವರೆಗೆ.

ಈಗ ಚತುರ್ದಶಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಅದು ಶುರುವಾದದ್ದು 8ರ ರಾತ್ರಿ 9.57ಕ್ಕೆ, ಮುಗಿದದ್ದು 9ರ ಸಂಜೆ 6.17ಕ್ಕೆ. 8ರ ನಿಶೀಥ ಇಡಿಯಾಗಿ ಅದರೊಳಗೆ ಬರುತ್ತದೆ. 9ರ ಹಗಲೆಲ್ಲ ಚತುರ್ದಶಿಯೇ ಇದ್ದರೂ ಸೂರ್ಯ ಮುಳುಗುವ ಮೊದಲೇ ಅದು ತೀರಿಹೋಗಿತ್ತು. ಸೂರ್ಯೋದಯದ ತಿಥಿಯನ್ನು ನಂಬಿ 9ರಂದು ಜಾಗರಣೆ ಮಾಡಿದ್ದರೆ ಆ ರಾತ್ರಿಯೆಲ್ಲ ಅಮಾವಾಸ್ಯೆಯಲ್ಲೇ ಕಳೆಯುತ್ತಿತ್ತು. ಚಂದ್ರ ಭೂಮಿಗೆ ಅತಿ ಸಮೀಪ ಬಂದದ್ದು ಮಾರ್ಚ್ 10ಕ್ಕೆ. ಸಮೀಪಿಸಿದಷ್ಟೂ ಚಂದ್ರನ ಓಟ ಬಿರುಸಾಗುವುದರಿಂದ ಚತುರ್ದಶಿ 20 ಗಂಟೆ 20 ನಿಮಿಷಕ್ಕೇ ಮುಗಿಯಿತು. ಇಷ್ಟು ಗಿಡ್ಡ ತಿಥಿಗೆ ಎರಡು ನಡುರಾತ್ರಿಗಳನ್ನು ಮುಟ್ಟಲು ಸಾಧ್ಯವೇ ಇಲ್ಲ.

ತಿಥಿ ಉದ್ದವಾದಾಗ ತೊಡಕು ಬರುತ್ತದೆ. 2018ರಲ್ಲಿ ಆದದ್ದು ಹೀಗೆಯೇ. ಆ ಫೆಬ್ರವರಿ 11ಕ್ಕೆ ಚಂದ್ರ ಭೂಮಿಯಿಂದ ಅತಿ ದೂರದಲ್ಲಿದ್ದು ನಿಧಾನವಾಗಿ ಸಾಗುತ್ತಿತ್ತು. 13ರ ರಾತ್ರಿ 10.34ಕ್ಕೆ ಹಿಡಿದ ಚತುರ್ದಶಿ ಬಿಟ್ಟದ್ದು 14ರ ರಾತ್ರಿ 12.46ಕ್ಕೆ, ಅಂದರೆ 26 ಗಂಟೆಗೂ ಮೇಲೆ. 13ರ ನಿಶೀಥ ಪೂರ್ತಿಯಾಗಿ ಅದರ ಪಾಲಿಗೆ ಬಂತು; 14ರ ನಿಶೀಥದಲ್ಲೂ ಕೊನೆಯ ಕೆಲವು ನಿಮಿಷ ಬಿಟ್ಟು ಉಳಿದದ್ದೆಲ್ಲ ಅದರದ್ದೇ. ನಿಶೀಥ ಪೂರ್ತಿ ತುಂಬಿದ ರಾತ್ರಿಯೇ ಮೇಲೆಂದವರು 13ನ್ನು ಆರಿಸಿಕೊಂಡರು. ಸೂರ್ಯಾಸ್ತದ ನಂತರದ ಪ್ರದೋಷದಲ್ಲೂ ಚತುರ್ದಶಿ ಇರಬೇಕೆಂದವರಿಗೆ 14 ಸರಿಯೆನಿಸಿತು. ಚಂದ್ರನ ಲೆಕ್ಕ ಇಬ್ಬರದ್ದೂ ಒಂದೇ. ಎರಡು ರಾತ್ರಿಗಳೂ ಹಕ್ಕು ಹೇಳಿದಾಗ ಯಾವುದಕ್ಕೆ ಮಣೆ ಹಾಕಬೇಕೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ.

ಬಹುಳ ಚತುರ್ದಶಿಯಲ್ಲಿ ಚಂದ್ರ ಸೂರ್ಯನಿಗೆ 24ರಿಂದ 12 ಡಿಗ್ರಿಯಷ್ಟೇ ಹಿಂದಿರುತ್ತದೆ. ಹೀಗಾಗಿ ಸಣ್ಣ ಕೊಂಬಿನಂತೆ ಅದು ಮೂಡುವುದು ಬೆಳಗಿನ ಜಾವಕ್ಕೆ. ನಿಶೀಥದಲ್ಲಿ ಚಂದ್ರ ಎಲ್ಲೂ ಇರುವುದಿಲ್ಲ. ಆದ್ದರಿಂದ ಬಾನನ್ನು ನೋಡಿ ಈ ರಾತ್ರಿಯನ್ನು ನಿಖರವಾಗಿ ಗುರುತಿಸಲಾಗದು, ಲೆಕ್ಕವನ್ನೇ ನೆಚ್ಚಬೇಕು. ಲೆಕ್ಕವನ್ನು ನೀವೂ ಮಾಡಬಹುದು: ನಿಮ್ಮೂರಿನ ಸೂರ್ಯಾಸ್ತ, ಮರುದಿನದ ಸೂರ್ಯೋದಯ ಬರೆದುಕೊಳ್ಳಿ, ನಡುಬಿಂದು ಕಂಡುಹಿಡಿಯಿರಿ, ಆ ಕ್ಷಣಕ್ಕೆ ಪಂಚಾಂಗದಲ್ಲಿ ಯಾವ ತಿಥಿಯಿದೆ ನೋಡಿ. ಅಲ್ಲಿ ಚತುರ್ದಶಿ ಒಂದೇ ರಾತ್ರಿ ಸಿಕ್ಕಿದರೆ ಶಿವರಾತ್ರಿ ಅದೇ. ಎರಡು ರಾತ್ರಿ ಸಿಕ್ಕಿದರೆ ಆ ವರ್ಷ ಎರಡು ದಿನಾಂಕ ಕೇಳಿಬಂದೀತು.